ಮೇಂಟೆನೆನ್ಸ್ ಬಾಕಿಯ ಬಗ್ಗೆ ನ್ಯೂಸ್‌ಲೆಟರ್‌ನಲ್ಲಿ ಬರೆಯುವುದು: ಮಾತು ಗಟ್ಟಿ ಇರಲಿ, ಯಾರ ಮಾನವೂ ಹೋಗದಿರಲಿ

ಅಪಾರ್ಟ್‌ಮೆಂಟಿನ ನ್ಯೂಸ್‌ಲೆಟರ್‌ಗೆ ಬಾಕಿ ಹಣದ ಬಗ್ಗೆ ಬರೆದುಕೊಡುವವರು ಸಾಮಾನ್ಯವಾಗಿ ಖಜಾಂಚಿ. ಅದೂ ಸೆಕ್ಯುರಿಟಿ ಏಜೆನ್ಸಿಯವರು ಬಿಲ್ಲಿಗಾಗಿ ಮತ್ತೆ ಮತ್ತೆ ಫೋನ್ ಮಾಡಿದ ದಿನವೇ ಬರೆಯುತ್ತಾರೆ. ಹಾಗಾಗಿ ಕೈಗೆ ಬರುವ ಬರಹದಲ್ಲಿ ಲೆಕ್ಕಕ್ಕಿಂತ ಸಿಟ್ಟೇ ಜಾಸ್ತಿ. ಅದನ್ನು ತಿದ್ದಿ ಅಚ್ಚಿಗೆ ಕೊಡುವ ಕೆಲಸ ನಿಮ್ಮ ತಲೆಗೆ ಬಂದಿದ್ದರೆ ಈ ಬರಹ ನಿಮಗಾಗಿ.

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟನ್ನು ಉದಾಹರಣೆಗೆ ಊಹಿಸಿಕೊಳ್ಳೋಣ. 64 ಫ್ಲಾಟ್, ತಿಂಗಳಿಗೆ ತಲಾ ₹3,500 ಮೇಂಟೆನೆನ್ಸ್. ಅಂದರೆ ತಿಂಗಳಿಗೆ ₹2,24,000 ಬರಬೇಕು. ಅಕ್ಟೋಬರ್ ಸಂಚಿಕೆಗೆ ಖಜಾಂಚಿ ಕಳಿಸಿದ್ದು ಹೀಗಿದೆ:

> ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ!
>
> ಎಷ್ಟು ಸಲ ಹೇಳಿದರೂ ಕೆಲವು 'ಮಹನೀಯರು' ಮೇಂಟೆನೆನ್ಸ್ ಕಟ್ಟುತ್ತಿಲ್ಲ. ಹೊಸ ಕಾರಿಗೆ ದುಡ್ಡಿದೆ, ಅಸೋಸಿಯೇಷನ್‌ಗೆ ಇಲ್ಲ. ನಾವು ಕಟ್ಟಿದ ದುಡ್ಡಿನಲ್ಲಿ ಇವರು ಲಿಫ್ಟ್ ಹತ್ತಿ ಇಳಿಯುತ್ತಿದ್ದಾರೆ. ಬಿ ಬ್ಲಾಕಿನ ನಾಲ್ಕನೇ ಮಹಡಿಯ ಒಂದು ಫ್ಲಾಟ್ 21 ತಿಂಗಳಿಂದ ಒಂದು ಪೈಸೆ ಕೊಟ್ಟಿಲ್ಲ. ನಾಚಿಕೆಯಾಗಬೇಕು. ಕೂಡಲೇ ಕಟ್ಟದಿದ್ದರೆ ಹೆಸರು ಸಮೇತ ಪಟ್ಟಿಯನ್ನು ಲಿಫ್ಟಿನಲ್ಲಿ ಅಂಟಿಸಲಾಗುವುದು, ನೀರು ನಿಲ್ಲಿಸಲಾಗುವುದು. ಸದ್ಯಕ್ಕೆ ಬಾಕಿ ಇರುವ 11 ಫ್ಲಾಟುಗಳ ನಂಬರ್ ಕೆಳಗಿದೆ.

ಓದಲು ಖಾರವಾಗಿದೆ. ಆದರೆ ಇದನ್ನು ಓದಿದ ಬಾಕಿದಾರನಿಗೆ ಏನು ಗೊತ್ತಾಯಿತು ನೋಡಿ. ಎಷ್ಟು ಕಟ್ಟಬೇಕು, ಯಾವ ತಾರೀಕಿನೊಳಗೆ, ಯಾವ ಖಾತೆಗೆ, ಕಟ್ಟದಿದ್ದರೆ ನಿಜವಾಗಿ ಏನಾಗುತ್ತದೆ? ಇದರಲ್ಲಿ ಒಂದೂ ಇಲ್ಲ. ಬೈಗುಳವನ್ನೆಲ್ಲ ಕಳೆದರೆ ಉಳಿಯುವುದು 'ಕೂಡಲೇ' ಅನ್ನುವ ಒಂದು ಪದ ಮಾತ್ರ. ಇಷ್ಟು ಜೋರಾಗಿ ಕೂಗಿದರೂ ಇದು ನಿಜಕ್ಕೂ ಮೆತ್ತನೆಯ ಬರಹ. ತಿದ್ದುವಾಗ ಸಿಟ್ಟು ತೆಗೆದರೆ ಸಾಲದು. ಅದು ಇದ್ದ ಜಾಗದಲ್ಲಿ ತಾರೀಕು, ಮೊತ್ತ, ನಿಯಮ ಬಂದು ಕೂರಬೇಕು.

## ಮೊದಲು ಲೆಡ್ಜರ್, ಆಮೇಲೆ ವಾಕ್ಯ

ಬರಹ ಮುಟ್ಟುವ ಮುಂಚೆ ಖಜಾಂಚಿಯ ಜೊತೆ ಕೂತು, ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಬಾಕಿ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿ. ಸುಮ್ನೆ ಹೇಳುತ್ತಿಲ್ಲ. ಎಲ್ಲರೂ ಯುಪಿಐನಲ್ಲಿ ಕಟ್ಟುವ ಕಾಲದಲ್ಲಿ ಯಾವ ಫ್ಲಾಟಿನದು ಅಂತ ಗೊತ್ತಾಗದೆ ಉಳಿದ ಜಮೆಗಳು ಪ್ರತಿ ಅಸೋಸಿಯೇಷನ್ ಖಾತೆಯಲ್ಲೂ ಇರುತ್ತವೆ. ಮೈಸೂರಿನಲ್ಲಿರುವ ಮಗ ತನ್ನ ಖಾತೆಯಿಂದ ಅಪ್ಪನ ಫ್ಲಾಟಿಗೆ ಕಟ್ಟಿರುತ್ತಾನೆ, ಫ್ಲಾಟ್ ನಂಬರ್ ಹಾಕಿರುವುದಿಲ್ಲ. ಬಾಡಿಗೆಯವರು ತಮ್ಮ ಹೆಸರಲ್ಲಿ ಕಟ್ಟಿರುತ್ತಾರೆ, ಲೆಡ್ಜರ್‌ನಲ್ಲಿ ಇರುವುದು ಮಾಲೀಕರ ಹೆಸರು. ಮೂರು ತಿಂಗಳದ್ದು ಒಟ್ಟಿಗೆ ₹10,500 ಬಂದಿರುತ್ತದೆ, ಬರೆದುಕೊಂಡಿರುವುದು ಒಂದೇ ತಿಂಗಳಿಗೆ.

ನಮ್ಮ ಉದಾಹರಣೆಯಲ್ಲಿ ಹೀಗೆ ತಾಳೆ ನೋಡಿದ ಮೇಲೆ 11 ಫ್ಲಾಟ್ ಇದ್ದದ್ದು 9ಕ್ಕೆ ಇಳಿಯಿತು ಅಂದುಕೊಳ್ಳಿ. ಉಳಿದ ಎರಡು ಫ್ಲಾಟಿನವರು ಹಣ ಕಟ್ಟಿಯೂ ಪಟ್ಟಿಯಲ್ಲಿದ್ದರು. ಮೂಲ ಬರಹ ಹಾಗೇ ಅಚ್ಚಾಗಿದ್ದರೆ ಆ ಎರಡು ಮನೆಯವರಿಗೆ ಕಮಿಟಿ ಏನು ಉತ್ತರ ಕೊಡುತ್ತಿತ್ತು? ಮುಂದಿನ ಸಂಚಿಕೆಯ ಮೂಲೆಯಲ್ಲಿ ತಿದ್ದುಪಡಿ ಹಾಕಿದರೆ ಅದನ್ನು ಓದುವವರು ಯಾರು?

ಮುಂದಿನದು ಬಾಕಿಯನ್ನು ಎಷ್ಟು ಹಳೆಯದು ಅನ್ನುವುದರ ಮೇಲೆ ವಿಂಗಡಿಸುವುದು. 9 ಫ್ಲಾಟುಗಳ ಲೆಕ್ಕ ಹೀಗೆ ಬಂತು:

| ಎಷ್ಟು ತಿಂಗಳ ಬಾಕಿ | ಫ್ಲಾಟ್ | ಮೊತ್ತ |
|---|---|---|
| 1 ತಿಂಗಳು | 3 | ₹10,500 |
| 4 ತಿಂಗಳು | 4 | ₹56,000 |
| 14 ತಿಂಗಳು | 1 | ₹49,000 |
| 21 ತಿಂಗಳು | 1 | ₹73,500 |
| ಒಟ್ಟು | 9 | ₹1,89,000 |

ಈ ಪಟ್ಟಿ ಅಚ್ಚಿಗಲ್ಲ, ನಿಮಗೆ. ಇದನ್ನು ನೋಡಿದ ಕೂಡಲೇ ಒಂದು ವಿಷಯ ಕಣ್ಣಿಗೆ ಬೀಳುತ್ತದೆ: ಬಾಕಿಯ ಸುಮಾರು ಮೂರರಲ್ಲಿ ಎರಡು ಪಾಲು, ಅಂದರೆ ₹1,22,500, ಎರಡೇ ಫ್ಲಾಟಿನದು. ಒಂದರ ಮಾಲೀಕರು ವಿದೇಶದಲ್ಲಿದ್ದಾರೆ. ಬಾಡಿಗೆಯವರು ಮೇಂಟೆನೆನ್ಸ್ ಸೇರಿಸಿಯೇ ಅವರಿಗೆ ಬಾಡಿಗೆ ಕಳಿಸುತ್ತಿದ್ದಾರೆ. ಇನ್ನೊಂದು ಫ್ಲಾಟಿನ ಬಾತ್‌ರೂಮ್ ಚಾವಣಿ ಸೋರುತ್ತಿದೆ, ಅದನ್ನು ಸರಿಮಾಡುವ ತನಕ ದುಡ್ಡು ಕಟ್ಟುವುದಿಲ್ಲ ಎಂದು ಅವರು ಪಟ್ಟು ಹಿಡಿದಿದ್ದಾರೆ. ನ್ಯೂಸ್‌ಲೆಟರ್‌ನಲ್ಲಿ ಏನೇ ಬರೆದರೂ ಈ ಇಬ್ಬರೂ ಕಟ್ಟುವುದಿಲ್ಲ. ಮೊದಲನೆಯವರಿಗೆ ಮಾಲೀಕರ ವಿಳಾಸಕ್ಕೇ ಪತ್ರ ಹೋಗಬೇಕು. ಎರಡನೆಯವರ ಜೊತೆ ಪ್ಲಂಬರ್‌ನನ್ನು ಕರೆದುಕೊಂಡು ಹೋಗಿ ಕೂತು ಮಾತಾಡಬೇಕು.

ಖಜಾಂಚಿಯ ಸಿಟ್ಟು ಇರುವುದು ಈ ಇಬ್ಬರ ಮೇಲೆ. ಆದರೆ ಆ ಬರಹ ಚುಚ್ಚುವುದು ಒಂದು ತಿಂಗಳು ಮರೆತ ಮೂವರನ್ನು ಮತ್ತು ಮನೆಯಲ್ಲಿ ಆಸ್ಪತ್ರೆಯ ಖರ್ಚೋ ಕೆಲಸ ಹೋದ ಕಷ್ಟವೋ ಇದ್ದು ನಾಲ್ಕು ತಿಂಗಳು ಹಿಂದೆ ಬಿದ್ದವರನ್ನು. ನ್ಯೂಸ್‌ಲೆಟರ್ ಓದಿ ಕಟ್ಟುವವರು ಇದ್ದರೆ ಅವರು ಈ ಏಳು ಫ್ಲಾಟಿನವರೇ. ಹಾಗಾಗಿ ಬರಹ ಅವರಿಗಾಗಿ ಇರಲಿ. ಜೊತೆಗೆ, ಸರಿಯಾಗಿ ಕಟ್ಟಿದ 55 ಫ್ಲಾಟಿನವರಿಗೆ ಕಮಿಟಿ ಸುಮ್ಮನೆ ಕೂತಿಲ್ಲ ಅನ್ನುವುದೂ ತಿಳಿಯಲಿ.

## ಕಮಿಟಿ ನಿರ್ಧರಿಸದ್ದನ್ನು ಬರೆಯಬೇಡಿ

'ನೀರು ನಿಲ್ಲಿಸಲಾಗುವುದು' ಅನ್ನುವ ವಾಕ್ಯವನ್ನು ತಗೊಳ್ಳಿ. ಇದನ್ನು ಯಾವ ಸಭೆಯಲ್ಲಿ ಪಾಸ್ ಮಾಡಿದ್ದಾರೆ? ಬೈಲಾದಲ್ಲಿ ಇದೆಯಾ? ಬಹುತೇಕ ಇರುವುದಿಲ್ಲ. ಕುಡಿಯುವ ನೀರು ನಿಲ್ಲಿಸಿದರೆ ಮರುದಿನ ಪೊಲೀಸ್ ಠಾಣೆಯಲ್ಲಿ ಉತ್ತರ ಹೇಳಬೇಕಾದವರು ಕಮಿಟಿಯವರು. ಬಾಕಿ ಇಟ್ಟವರು ದೂರುದಾರರಾಗಿ ಎದುರು ಕೂತಿರುತ್ತಾರೆ. ನಿಲ್ಲಿಸುತ್ತೇವೆ ಎಂದು ಬರೆದು ನಿಲ್ಲಿಸದಿದ್ದರೆ, ಕಮಿಟಿಯ ಮುಂದಿನ ಎಚ್ಚರಿಕೆಯನ್ನು ಯಾರೂ ನಂಬುವುದಿಲ್ಲ.

ಆದ್ದರಿಂದ ಬರೆಯುವ ಮುಂಚೆ ಕಾರ್ಯದರ್ಶಿಗೆ ಹೇಳಿ ಮೂರು ಸಂಗತಿಗಳನ್ನು ಕಮಿಟಿ ಸಭೆಯ ನಡಾವಳಿಯಲ್ಲಿ ದಾಖಲು ಮಾಡಿಸಿ: ಕೊನೆಯ ತಾರೀಕು, ಅದಾದ ಮೇಲಿನ ಬಡ್ಡಿ, ಅದಕ್ಕೂ ಕಟ್ಟದಿದ್ದರೆ ಮುಂದಿನ ಕ್ರಮ. ಬಡ್ಡಿಯ ದರ ನಿಮ್ಮ ಬೈಲಾದಲ್ಲಿ ಎಷ್ಟಿದೆಯೋ ಅಷ್ಟೇ. ಈ ಉದಾಹರಣೆಯಲ್ಲಿ ವರ್ಷಕ್ಕೆ 12% ಅಂದುಕೊಳ್ಳೋಣ. ನಾಲ್ಕು ತಿಂಗಳ ಬಾಕಿ ₹14,000 ಆದರೆ ತಿಂಗಳಿಗೆ ₹140 ಬಡ್ಡಿ. ಮೊತ್ತ ಚಿಕ್ಕದೇ, ಆದರೆ ಅದು ಖಚಿತ. 'ಕಠಿಣ ಕ್ರಮ ಕೈಗೊಳ್ಳಲಾಗುವುದು' ಎಂದು ಬರೆದಾಗ ಆಗದ ಕೆಲಸ ಆ ₹140ರಿಂದ ಆಗುತ್ತದೆ.

ಕೊನೆಯ ತಾರೀಕನ್ನು ತಿಂಗಳ ಕೊನೆಗೆ ಇಡಬೇಡಿ. ಸಂಬಳ ಬಂದು ನಾಲ್ಕೈದು ದಿನ ಆದ ಮೇಲಿನದು ಇರಲಿ. ಅಕ್ಟೋಬರ್ ಸಂಚಿಕೆಯಾದರೆ ನವೆಂಬರ್ 7 ಸರಿ.

ಕಾನೂನಿನ ಮಾತು ಸೇರಿಸುವುದಾದರೆ ನಿಮ್ಮ ಅಸೋಸಿಯೇಷನ್ ಯಾವ ಕಾಯ್ದೆಯಡಿ ನೋಂದಣಿಯಾಗಿದೆ ಎಂದು ಮೊದಲು ನೋಡಿ. ಕರ್ನಾಟಕದಲ್ಲಿ ಕೆಲವು ಅಪಾರ್ಟ್‌ಮೆಂಟುಗಳು ಡೀಡ್ ಆಫ್ ಡಿಕ್ಲರೇಷನ್ ಮಾಡಿಸಿ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಬಂದಿವೆ. ಕೆಲವು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇವೆ. 1972ರ ಕಾಯ್ದೆಯಲ್ಲಿ ಎರಡು ಗಟ್ಟಿ ಮಾತುಗಳಿವೆ. ಈಜುಕೊಳ ಬಳಸುವುದಿಲ್ಲ, ಮನೆ ಖಾಲಿ ಬಿಟ್ಟಿದ್ದೇನೆ ಎಂದು ಹೇಳಿ ಸಾಮಾನ್ಯ ಖರ್ಚಿನ ಪಾಲಿನಿಂದ ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಬಾಕಿ ಉಳಿದ ಹಣ ಆ ಫ್ಲಾಟಿನ ಮೇಲೇ ಋಣಭಾರವಾಗಿ ಕೂರುತ್ತದೆ. ಸಂಘವಾಗಿ ಮಾತ್ರ ನೋಂದಣಿಯಾಗಿದ್ದರೆ ಈ ಮಾತುಗಳನ್ನು ಎರವಲು ತರಬೇಡಿ. ನಿಮ್ಮ ಆಧಾರ ನಿಮ್ಮ ಬೈಲಾ ಮತ್ತು ಸಿವಿಲ್ ಕೋರ್ಟಿನ ದಾರಿ.

ಹಣ ವಸೂಲಿ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇರುತ್ತದೆ. 21 ತಿಂಗಳ ಬಾಕಿಯವರ ವಿಷಯದಲ್ಲಿ ನ್ಯೂಸ್‌ಲೆಟರ್‌ನಲ್ಲಿ ಮತ್ತೆ ಮತ್ತೆ ಚುಚ್ಚುತ್ತಾ ಕೂತರೆ ಆ ಗಡುವು ಹತ್ತಿರವಾಗುತ್ತದೆ, ಅಷ್ಟೇ. ವಕೀಲರನ್ನು ಕಾಣುವ ಸಮಯ ಅದು.

## ಹೆಸರಿಲ್ಲದಿದ್ದರೂ ಗುರುತು ಸಿಗುತ್ತದೆ

ಹೆಸರು, ಫ್ಲಾಟ್ ನಂಬರ್ ತೆಗೆದರೆ ಕೆಲಸ ಮುಗಿಯಿತು ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಇಲ್ಲೇ ಎಡವುವುದು. 'ಬಿ ಬ್ಲಾಕಿನ ನಾಲ್ಕನೇ ಮಹಡಿಯ ಒಂದು ಫ್ಲಾಟ್' ಅಂದರೆ ನಾಲ್ಕು ಬಾಗಿಲು. ಅದರಲ್ಲಿ ಎರಡು ಮನೆಯವರು ಕಮಿಟಿಯಲ್ಲೇ ಇದ್ದಾರೆ ಅಂದರೆ ಉಳಿದದ್ದು ಎರಡು. 'ಹೊಸ ಕಾರು' ಅಂದ ಮೇಲೆ ಪಾರ್ಕಿಂಗಿನಲ್ಲಿ ಯಾವ ಕಾರಿನ ಬಾನೆಟ್ ಮೇಲೆ ಪೂಜೆಯ ಕುಂಕುಮ ಇನ್ನೂ ಹಸಿಯಾಗಿದೆ ಎಂದು ವಾಚ್‌ಮನ್‌ಗೂ ಗೊತ್ತು. ಹೆಸರು ಬರೆಯದೆ ಹೆಸರು ಹೇಳಿದ ಹಾಗೇ ಆಯಿತು ಅಲ್ವಾ?

ಪರೀಕ್ಷೆ ಸುಲಭ. ಲೆಕ್ಕ ಗೊತ್ತಿಲ್ಲದ, ಆದರೆ ಎಲ್ಲರನ್ನೂ ಬಲ್ಲ ಒಬ್ಬ ನಿವಾಸಿಗೆ ಬರಹ ಕೊಟ್ಟು 'ಇದು ಯಾರ ಬಗ್ಗೆ ಅನ್ನಿಸುತ್ತೆ?' ಎಂದು ಕೇಳಿ. ಅವರು ಒಂದೇ ಒಂದು ಹೆಸರು ಊಹಿಸಿದರೂ ಆ ವಾಕ್ಯ ತೆಗೆಯಿರಿ. ಊಹೆ ಸರಿ ಇದ್ದರೆ ಮಾನ ಹೋಯಿತು. ತಪ್ಪಿದ್ದರೆ ಇನ್ನೂ ಕೆಟ್ಟದು, ಸಂಬಂಧವಿಲ್ಲದವರ ಮಾನ ಹೋಯಿತು.

ಅಂಕಿಗಳಿಗೂ ಇದೇ ಎಚ್ಚರ. ಯಾವ ಸಾಲಿನಲ್ಲಿ ಒಂದೋ ಎರಡೋ ಫ್ಲಾಟ್ ಮಾತ್ರ ಇದೆಯೋ ಆ ಸಾಲು ಅಚ್ಚಾಗಬಾರದು. ನಮ್ಮ ಪಟ್ಟಿಯ 14 ತಿಂಗಳು, 21 ತಿಂಗಳು ಎರಡನ್ನೂ 4 ತಿಂಗಳಿನ ಜೊತೆ ಸೇರಿಸಿ 'ಮೂರು ತಿಂಗಳಿಗಿಂತ ಜಾಸ್ತಿ: 6 ಫ್ಲಾಟ್, ₹1,78,500' ಎಂದು ಮಾಡಿ. ಬ್ಲಾಕ್‌ವಾರು ಲೆಕ್ಕ ಬೇಡ. ಅತಿ ದೊಡ್ಡ ಬಾಕಿ ಎಷ್ಟು ಅನ್ನುವುದೂ ಬೇಡ.

ಕಟ್ಟಿದವರ ಹೆಸರು ಹಾಕಿ ಅಭಿನಂದಿಸುವ ಐಡಿಯಾ ಯಾರಾದರೂ ತರುತ್ತಾರೆ. 64ರಲ್ಲಿ 55 ಹೆಸರು ಹಾಕಿದರೆ ಉಳಿದ ಒಂಬತ್ತು ಯಾರು ಎಂದು ಕಂಡುಹಿಡಿಯಲು ಮಕ್ಕಳಿಗೆ ಐದು ನಿಮಿಷ ಸಾಕು. ವಾಟ್ಸಾಪ್ ಗ್ರೂಪಿನಲ್ಲಿ ಹಸಿರು ಟಿಕ್ ಹಾಕಿದ ಪಟ್ಟಿಯೂ ಅಷ್ಟೇ.

'ಬಾಕಿ ಇರುವುದು ನಿಜ ತಾನೇ, ನಿಜ ಬರೆದರೆ ತಪ್ಪೇನು?' ಎಂದು ಖಜಾಂಚಿ ಕೇಳಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಮಾನನಷ್ಟದ್ದು. ಅದರಲ್ಲಿ ನಿಜ ಅನ್ನುವುದೊಂದೇ ರಕ್ಷಣೆ ಅಲ್ಲ. ಅದನ್ನು ಪ್ರಕಟಿಸಿದ್ದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕು. 'ನಾಚಿಕೆಯಾಗಬೇಕು' ಎಂದು ಅಚ್ಚು ಹಾಕಿಸಿ ಅದನ್ನು ತೋರಿಸುವುದು ಸುಲಭವಲ್ಲ. ನಿಮ್ಮ ಬೈಲಾದಲ್ಲೇ ಬಾಕಿ ಪಟ್ಟಿಯನ್ನು ಸದಸ್ಯರ ಸಭೆಯ ಮುಂದೆ ಇಡಬೇಕು ಎಂದಿದ್ದರೆ ಅಲ್ಲಿ, ಆ ರೂಪದಲ್ಲೇ ಇಡಿ. ಸದಸ್ಯರು ಲೆಕ್ಕಪುಸ್ತಕ ನೋಡಲು ಬಂದರೆ ತೋರಿಸಿ. ನ್ಯೂಸ್‌ಲೆಟರ್ ಬೇರೆ. ಅದು ಬಾಡಿಗೆಯವರಿಗೆ, ಮನೆಗೆಲಸದವರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ, ಫಾರ್ವರ್ಡ್ ಆಗಿ ಬೇರೆ ಊರಿನ ನೆಂಟರಿಗೂ ಹೋಗುತ್ತದೆ.

## ಸಾಲು ಸಾಲಾಗಿ ತಿದ್ದುವುದು

ಶೀರ್ಷಿಕೆಯ ಗಾದೆ ಮೊದಲು ಹೋಗಲಿ. ಗಾದೆ ಹಾಕಿದರೆ ಓದುವವರು ನಗುತ್ತಾರೆ, ನಕ್ಕ ಮೇಲೆ ಯಾರನ್ನು ನೋಡಿ ನಗಬೇಕು ಎಂದು ಹುಡುಕುತ್ತಾರೆ. ಶೀರ್ಷಿಕೆಯಲ್ಲಿ ವಿಷಯ ಮತ್ತು ತಾರೀಕು ಇದ್ದರೆ ಸಾಕು.

'ಮಹನೀಯರು' ಹೋಗಲಿ, 'ಕೆಲವರು' ಕೂಡ ಹೋಗಲಿ. 'ಕೆಲವರು ಕಟ್ಟುತ್ತಿಲ್ಲ' ಎಂದ ಕೂಡಲೇ ಓದುವವರೆಲ್ಲ ಒಂದು ಕಡೆ, ಅವರು ಇನ್ನೊಂದು ಕಡೆ. ಬಾಕಿ ಇರುವವರೂ ಓದುಗರೇ ಅಲ್ವಾ? ಅವರಿಗೆ ನೇರವಾಗಿ ಹೇಳಿ: 'ನಿಮ್ಮ ಫ್ಲಾಟಿನ ಬಾಕಿ ಇದ್ದರೆ ನವೆಂಬರ್ 7ರೊಳಗೆ ಕಟ್ಟಿ.' 'ಕೆಲವರು' ಇದ್ದ ಜಾಗಕ್ಕೆ '9 ಫ್ಲಾಟ್' ಬರಲಿ. ಸಂಖ್ಯೆಗೆ ಕೊಂಕು ಇರುವುದಿಲ್ಲ.

ಕಾರಿನ ವಾಕ್ಯವನ್ನು ಹಾಗೇ ಕಿತ್ತುಹಾಕಿ, ಅದಕ್ಕೆ ಬದಲಿ ಬೇಡ. ಲಿಫ್ಟಿನ ವಾಕ್ಯದ ಹಿಂದೆ ಮಾತ್ರ ಒಂದು ನಿಜವಾದ ಸಂಗತಿ ಇದೆ: ಹಣ ಬರದಿದ್ದರೆ ಎಲ್ಲರ ಕೆಲಸ ನಿಲ್ಲುತ್ತದೆ. ಅದನ್ನು ಲೆಕ್ಕದ ಭಾಷೆಯಲ್ಲಿ ಹೇಳಿ. ಈ ಉದಾಹರಣೆಯಲ್ಲಿ ಸೆಕ್ಯುರಿಟಿ ಬಿಲ್ 10 ದಿನ ತಡವಾಗಿದೆ, ಸಂಪ್ ಕ್ಲೀನಿಂಗ್ ಮುಂದಕ್ಕೆ ಹೋಗಿದೆ. ನಡೆದದ್ದನ್ನು ಮಾತ್ರ ಬರೆಯಿರಿ. ಲಿಫ್ಟ್ ನಿಂತುಹೋಗುತ್ತದೆ ಎಂದು ಹೆದರಿಸಬೇಡಿ.

'ಕೂಡಲೇ' ಹೋಗಿ ತಾರೀಕು ಬರಲಿ. ಇನ್ನೊಂದು ಕಡೆಗೂ ಜಾರಬೇಡಿ: 'ದಯವಿಟ್ಟು ಸಾಧ್ಯವಾದಷ್ಟು ಬೇಗ ಸಹಕರಿಸಬೇಕಾಗಿ ಕಳಕಳಿಯ ವಿನಂತಿ' ಎಂದು ಬರೆದರೆ ಕಟ್ಟದಿದ್ದರೂ ನಡೆಯುತ್ತದೆ ಎಂದೇ ಅರ್ಥ. 'ಕಟ್ಟಿ', 'ತಿಳಿಸಿ', 'ಬರೆಯಿರಿ' ಇವು ಮರ್ಯಾದೆಯ ಕ್ರಿಯಾಪದಗಳೇ. ಮೇಲೆ ಬೆಣ್ಣೆ ಬೇಡ.

ಇನ್ನು ತಕರಾರು ಇರುವವರಿಗೆ, ಕಷ್ಟದಲ್ಲಿರುವವರಿಗೆ ಒಂದು ಬಾಗಿಲು ತೆರೆದಿಡಬೇಕು. ಕರಡಿನಲ್ಲಿ 'ಸೋರಿಕೆಯಂಥ ದೂರುಗಳಿಗಾಗಿ ಮೇಂಟೆನೆನ್ಸ್ ತಡೆಹಿಡಿಯುವಂತಿಲ್ಲ' ಎಂದು ಬರೆಯುವ ಮನಸ್ಸಾಗುತ್ತದೆ. ಬರೆಯಬೇಡಿ. ಯಾರ ಮನೆ ಸೋರುತ್ತಿದೆ ಎಂದು ಇಡೀ ಬ್ಲಾಕಿಗೆ ಗೊತ್ತು. 'ದೂರು ಯಾವುದೇ ಇರಲಿ' ಸಾಕು.

ಇಷ್ಟಾದ ಮೇಲೆ ಅಚ್ಚಿಗೆ ಹೋಗುವ ರೂಪ ಇದು:

> ಮೇಂಟೆನೆನ್ಸ್ ಬಾಕಿ: ಕೊನೆಯ ದಿನ ನವೆಂಬರ್ 7
>
> ಸೆಪ್ಟೆಂಬರ್ 30ರ ಲೆಕ್ಕದ ಪ್ರಕಾರ ನಮ್ಮ 64 ಫ್ಲಾಟುಗಳಲ್ಲಿ 9 ಫ್ಲಾಟುಗಳಿಂದ ₹1,89,000 ಬರಬೇಕಿದೆ. ಇದರಲ್ಲಿ ₹1,78,500 ಮೂರು ತಿಂಗಳಿಗಿಂತ ಹೆಚ್ಚು ಬಾಕಿ ಇರುವ 6 ಫ್ಲಾಟುಗಳದು. ಈ ಕಾರಣಕ್ಕೆ ಆಗಸ್ಟ್ ತಿಂಗಳ ಸೆಕ್ಯುರಿಟಿ ಬಿಲ್ 10 ದಿನ ತಡವಾಗಿ ಪಾವತಿಯಾಯಿತು. ಸಂಪ್ ಕ್ಲೀನಿಂಗ್ ಮುಂದೂಡಬೇಕಾಯಿತು.
>
> ನಿಮ್ಮ ಫ್ಲಾಟಿನ ಬಾಕಿ ಇದ್ದರೆ ನವೆಂಬರ್ 7ರೊಳಗೆ ಅಸೋಸಿಯೇಷನ್ ಖಾತೆಗೆ ಪೂರ್ತಿ ಕಟ್ಟಿ. ಪಾವತಿಸುವಾಗ ಫ್ಲಾಟ್ ನಂಬರ್ ಮತ್ತು ತಿಂಗಳು ನಮೂದಿಸಿ. ನಿಮ್ಮ ಬಾಕಿ ಎಷ್ಟು ಎಂಬ ವಿವರ ನಿಮಗೆ ಪ್ರತ್ಯೇಕ ಪತ್ರದಲ್ಲಿ ಬಂದಿದೆ.
>
> ಒಟ್ಟಿಗೆ ಕಟ್ಟಲು ಆಗದಿದ್ದರೆ ಅದೇ ದಿನಾಂಕದೊಳಗೆ ಖಜಾಂಚಿಗೆ ಬರೆದು ತಿಳಿಸಿ. ಮೂರು ಕಂತುಗಳವರೆಗೆ ಅವಕಾಶವಿದೆ. ನೀವು ಹೇಳಿದ್ದು ಕಮಿಟಿಯಲ್ಲೇ ಉಳಿಯುತ್ತದೆ. ಲೆಕ್ಕದಲ್ಲಿ ತಪ್ಪಿದೆ ಎನಿಸಿದರೆ ರಸೀದಿ ಅಥವಾ ಯುಟಿಆರ್ ನಂಬರ್ ಕಳಿಸಿ, ಏಳು ದಿನದಲ್ಲಿ ಪರಿಶೀಲಿಸಿ ಉತ್ತರಿಸುತ್ತೇವೆ. ದೂರು ಯಾವುದೇ ಇರಲಿ, ಅದನ್ನು ಕಮಿಟಿ ಪ್ರತ್ಯೇಕವಾಗಿ ವಿಚಾರಿಸುತ್ತದೆ. ಅದಕ್ಕಾಗಿ ಮೇಂಟೆನೆನ್ಸ್ ತಡೆಹಿಡಿಯುವಂತಿಲ್ಲ.
>
> ನವೆಂಬರ್ 8ರಿಂದ ಬಾಕಿಯ ಮೇಲೆ ಬೈಲಾದಂತೆ ವರ್ಷಕ್ಕೆ 12% ಬಡ್ಡಿ ಸೇರುತ್ತದೆ. ನವೆಂಬರ್ 15ರವರೆಗೂ ಕಟ್ಟದ ಅಥವಾ ಕಂತಿಗೆ ಬರೆದುಕೊಡದ ಫ್ಲಾಟುಗಳ ಮಾಲೀಕರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಹೋಗುತ್ತದೆ. ಈ ಕ್ರಮ ಎಲ್ಲರಿಗೂ ಒಂದೇ.
>
> ಕಮಿಟಿಯ ಪರವಾಗಿ, ಖಜಾಂಚಿ

'ಪ್ರತ್ಯೇಕ ಪತ್ರದಲ್ಲಿ ಬಂದಿದೆ' ಅನ್ನುವುದನ್ನು ಗಮನಿಸಿ. ನ್ಯೂಸ್‌ಲೆಟರ್ ಕೈಸೇರುವ ಎರಡು ದಿನ ಮೊದಲೇ ಒಂಬತ್ತು ಮಾಲೀಕರಿಗೆ ತಿಂಗಳುವಾರು ಲೆಕ್ಕದ ಪತ್ರ ಹೋಗಿರಬೇಕು, ಲಕೋಟೆಯಲ್ಲಿ ಅಥವಾ ಅವರ ಇಮೇಲ್‌ಗೆ. ಬಾಗಿಲಿಗೆ ಅಂಟಿಸುವುದಾಗಲಿ, ವಾಚ್‌ಮನ್ ಕೈಯಲ್ಲಿ ತೆರೆದ ಕಾಗದ ಕೊಟ್ಟು ಕಳಿಸುವುದಾಗಲಿ ಬೇಡ. ಈ ಪತ್ರ ಹೋಗದಿದ್ದರೆ ಆ ವಾಕ್ಯವೇ ಸುಳ್ಳಾಗುತ್ತದೆ.

'ಈ ಕ್ರಮ ಎಲ್ಲರಿಗೂ ಒಂದೇ' ಅನ್ನುವ ಸಾಲನ್ನು ಕಮಿಟಿ ಸದಸ್ಯರ ಫ್ಲಾಟಿಗೂ ಅನ್ವಯಿಸಲು ಸಿದ್ಧರಿದ್ದರೆ ಮಾತ್ರ ಹಾಕಿ. ಆ ಒಂಬತ್ತರಲ್ಲಿ ಒಂದು ಕಮಿಟಿಯವರದೇ ಆಗಿರುವುದು ಅಪರೂಪವೇನಲ್ಲ. ಹಾಗಿದ್ದರೆ ಅವರು ಸಂಚಿಕೆ ಹೊರಬರುವ ಮುಂಚೆ ಕಟ್ಟಿ ಮುಗಿಸಲಿ, ನಿಮ್ಮ 9 ಅನ್ನುವುದು 8 ಆಗಲಿ, ಮೊತ್ತವನ್ನೂ ತಿದ್ದಿ.

## ಹಂಚಿದ ಮೇಲೆ

ಸಂಚಿಕೆ ಹೊರಬಿದ್ದ ಸಂಜೆಯೇ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರಾದರೂ ಕೇಳುತ್ತಾರೆ: 'ಆ 9 ಫ್ಲಾಟ್ ಯಾರದ್ದು ಅಂತ ಹೇಳೋಕೆ ಹೆದರಿಕೆ ಯಾಕೆ ಸಾರ್?' ಬರಹ ಎಷ್ಟು ಚೆನ್ನಾಗಿದ್ದರೂ ಇಲ್ಲಿ ಯಾರೋ ಒಬ್ಬರು ಬಾಯಿ ತಪ್ಪಿ ಹೇಳಿದರೆ ಎಲ್ಲ ವ್ಯರ್ಥ. ಉತ್ತರವನ್ನು ಮೊದಲೇ ಬರೆದು ಕಮಿಟಿಯವರೆಲ್ಲರ ಹತ್ತಿರ ಇರಿಸಿ: 'ಸಂಬಂಧಪಟ್ಟವರಿಗೆ ನೇರವಾಗಿ ತಿಳಿಸಿದ್ದೇವೆ. ಲೆಕ್ಕಪುಸ್ತಕ ನೋಡಬೇಕೆನ್ನುವ ಸದಸ್ಯರು ಭಾನುವಾರ ಆಫೀಸಿಗೆ ಬರಬಹುದು. ಗ್ರೂಪಿನಲ್ಲಿ ಫ್ಲಾಟ್ ನಂಬರ್ ಚರ್ಚೆ ಬೇಡ.' ಇದನ್ನು ಒಬ್ಬರೇ, ಒಂದೇ ಸಲ ಹಾಕಲಿ. ಸಿಟ್ಟಾಗಿ ಕೇಳಿದವರು ಭಾನುವಾರ ಬರುವುದು ಕಡಿಮೆ.

ಬಾಕಿದಾರರೇ ಗ್ರೂಪಿನಲ್ಲಿ ತಮ್ಮ ಕಥೆ ಹೇಳಿಕೊಳ್ಳಲು ಶುರು ಮಾಡಿದರೆ ಅಲ್ಲಿ ಉತ್ತರಿಸಬೇಡಿ, ಫೋನ್ ಮಾಡಿ.

ನವೆಂಬರ್ ಸಂಚಿಕೆಯಲ್ಲಿ ಎರಡು ಸಾಲು ಸಾಕು: 'ಅಕ್ಟೋಬರ್ ಸಂಚಿಕೆಯ ನಂತರ ಇಷ್ಟು ರೂಪಾಯಿ ಬಂದಿದೆ, ಇಷ್ಟು ಬಾಕಿ ಇದೆ. ಹೇಳಿದಂತೆ ನೋಟಿಸ್‌ಗಳು ಹೋಗಿವೆ.' ಆದರೆ ಆ ಹೊತ್ತಿಗೆ ಉಳಿದಿರುವುದು ಒಂದೋ ಎರಡೋ ಫ್ಲಾಟ್ ಮಾತ್ರ ಆಗಿದ್ದರೆ ಫ್ಲಾಟುಗಳ ಸಂಖ್ಯೆಯನ್ನು ಹಾಕದೆ ಮೊತ್ತವನ್ನಷ್ಟೇ ಹಾಕಿ. ನೋಟಿಸ್ ನಿಜವಾಗಿ ಅಂಚೆಗೆ ಬಿದ್ದಿದೆಯೇ ಎಂದು ಕಾರ್ಯದರ್ಶಿಯ ಹತ್ತಿರ ಪೋಸ್ಟ್ ಆಫೀಸಿನ ರಸೀದಿ ಕೇಳಿ ನೋಡಿಕೊಂಡೇ ಆ ಸಾಲನ್ನು ಅಚ್ಚಿಗೆ ಕೊಡಿ.